ಲಾಡ್ಜ್ ಕ್ಲಿನಿಕ್‌ನ ‘ಶಾಶ್ವತ ಪರಿಹಾರ’ಕ್ಕೆ ಉಳಿದ ಹಣ ಕಟ್ಟಬೇಕಾ?

ಪ್ರಶ್ನೆ: ನನಗೆ 38 ವರ್ಷ. ನಾಪೋಕ್ಲು ಕಡೆ ಸ್ವಲ್ಪ ಕಾಫಿ ತೋಟ ಇದೆ. ಆರೇಳು ತಿಂಗಳಿಂದ ಸುಸ್ತು. ಹೆಂಡತಿ ಜೊತೆ ಇರುವಾಗ ಗಡುಸುತನ ನಿಲ್ಲುವುದಿಲ್ಲ. ಬೆಳಗ್ಗೆ ಎದ್ದಾಗ ಕೆಲವು ದಿನ ಸರಿಯಾಗಿಯೇ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ‘ನರ ದೌರ್ಬಲ್ಯ, ಪುರುಷ ದೌರ್ಬಲ್ಯಕ್ಕೆ ಶಾಶ್ವತ ಪರಿಹಾರ, ಗ್ಯಾರಂಟಿ’ ಅಂತ ಪೋಸ್ಟರ್ ನೋಡಿ ಮಡಿಕೇರಿಯ ಒಂದು ಲಾಡ್ಜ್‌ಗೆ ಹೋದೆ. ನಾಡಿ ಹಿಡಿದು ನೋಡಿದರು. ಮೂತ್ರವನ್ನು ಗ್ಲಾಸಿನಲ್ಲಿ ಹಿಡಿಸಿ ‘ನೋಡಿ, ಧಾತು ಹೋಗುತ್ತಿದೆ’ ಅಂದರು. ಮೂರು ತಿಂಗಳ ಕೋರ್ಸ್‌ಗೆ 24,000 ರೂಪಾಯಿ. 8,000 ಮುಂಗಡ ಕೊಟ್ಟು ಎಂಟು ದಿನ ಪುಡಿ, ಕ್ಯಾಪ್ಸೂಲ್ ತೆಗೆದುಕೊಂಡೆ. ಪರವಾಗಿಲ್ಲ ಅನಿಸಿತು. ಉಳಿದ ಹಣ ಕಟ್ಟಲಾ? ಅಣ್ಣನೂ ಇದನ್ನೇ ತೆಗೆದುಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಅವನಿಗೆ ಹಾರ್ಟ್ ತೊಂದರೆ ಇದೆ. (ಹೆಸರು ಬೇಡ)

ಉತ್ತರ: ಉಳಿದ ಹದಿನಾರು ಸಾವಿರ ಕಟ್ಟಬೇಡಿ. ಪುಡಿ, ಕ್ಯಾಪ್ಸೂಲ್ ಎರಡನ್ನೂ ಇವತ್ತೇ ನಿಲ್ಲಿಸಿ, ಆದರೆ ಎಸೆಯಬೇಡಿ. ಅವು ಮುಂದೆ ಬೇಕಾಗುತ್ತವೆ. ನಿಮ್ಮ ವಿಷಯಕ್ಕೆ ಬರುವ ಮೊದಲು ಅಣ್ಣನ ವಿಷಯ ಮುಗಿಸೋಣ. ಅವಸರ ಇರುವುದು ಅಲ್ಲಿ.

ಹಾರ್ಟ್ ತೊಂದರೆ ಇರುವ ಎಷ್ಟೋ ಜನರ ಜೇಬಿನಲ್ಲಿ ಒಂದು ಸಣ್ಣ ಮಾತ್ರೆ ಇರುತ್ತದೆ. ಎದೆನೋವು ಬಂದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಕೆಲವರು ಅದೇ ಜಾತಿಯ ಔಷಧಿಯನ್ನು ದಿನವೂ ನುಂಗುತ್ತಾರೆ. ಈ ಜಾತಿಗೆ ನೈಟ್ರೇಟ್ ಅನ್ನುತ್ತಾರೆ. ಇನ್ನೊಂದು ಕಡೆ, ‘ಅಪ್ಪಟ ಗಿಡಮೂಲಿಕೆ’ ಅಂತ ಮಾರುವ ಪುರುಷ ದೌರ್ಬಲ್ಯದ ಕ್ಯಾಪ್ಸೂಲ್‌ಗಳನ್ನು ಲ್ಯಾಬಿಗೆ ಹಾಕಿ ನೋಡಿದಾಗ ಒಳಗೆ ಸಿಲ್ಡೆನಾಫಿಲ್ ಸಿಕ್ಕಿರುವುದು ಹೊಸದಲ್ಲ. ಜನ ವಯಾಗ್ರ ಅನ್ನುವುದು ಇದನ್ನೇ. ಕೆಲವದರಲ್ಲಿ ಅದರ ತಮ್ಮನಂತಿರುವ ಟಡಾಲಾಫಿಲ್ ಇರುತ್ತದೆ. ಲೇಬಲ್ ಮೇಲೆ ಮಾತ್ರ ಅಶ್ವಗಂಧ, ಶಿಲಾಜಿತು ಅಂತ ಬರೆದಿರುತ್ತದೆ. ಸಿಲ್ಡೆನಾಫಿಲ್ ಮತ್ತು ನೈಟ್ರೇಟ್ ಒಟ್ಟಿಗೆ ಸೇರಿದರೆ ಬಿಪಿ ಏಕಾಏಕಿ ಕುಸಿಯುತ್ತದೆ. ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಆದರೆ ಅಣ್ಣನಿಗೆ ರಾತ್ರಿ ಎದೆನೋವು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ ಅಂದುಕೊಳ್ಳಿ. ಅಲ್ಲಿಯ ಡಾಕ್ಟರಿಗೆ ಇವರು ಏನು ನುಂಗಿದ್ದಾರೆ ಅಂತ ಹೇಗೆ ಗೊತ್ತಾಗಬೇಕು? ಅಣ್ಣನಿಗೇ ಗೊತ್ತಿರುವುದಿಲ್ಲ. ಅವರಿಗೆ ಹೇಳಿ ಕೊಟ್ಟಿರುವುದು ಬೇರು, ತೊಗಟೆ ಅಂತ.

ಆದ್ದರಿಂದ ಅಣ್ಣನಿಗೆ ಆ ಕ್ಯಾಪ್ಸೂಲ್ ಬೇಡವೇ ಬೇಡ. ಈಗಾಗಲೇ ಒಂದೆರಡು ತೆಗೆದುಕೊಂಡಿದ್ದರೆ, ಎದೆನೋವು ಬಂದಾಗ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಅದು. ನಾಚಿಕೆ ಪಡುವ ಹೊತ್ತಲ್ಲ.

ಈಗ ನಿಮ್ಮ ಗ್ಲಾಸಿಗೆ ಬರೋಣ. ಇಡೀ ವ್ಯಾಪಾರ ನಿಂತಿರುವುದು ಆ ಗ್ಲಾಸಿನ ಮೇಲೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಮೂತ್ರ ಮಬ್ಬಾಗಿ, ಸುಣ್ಣದ ನೀರು ಕದಡಿದ ಹಾಗೆ ಕಾಣುವುದಕ್ಕೆ ಬಹಳ ಸಾಮಾನ್ಯವಾದ ಕಾರಣ ಫಾಸ್ಫೇಟ್ ಅನ್ನುವ ಲವಣ. ನಾವು ತಿನ್ನುವ ಮಾಂಸ, ಬೇಳೆ, ಹಾಲು ಎಲ್ಲದರಲ್ಲೂ ಅದು ಇದೆ. ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಒಂದೆರಡು ಗಂಟೆ ಮೂತ್ರದ ಹುಳಿ ಅಂಶ ಕಡಿಮೆಯಾಗುತ್ತದೆ. ಆಗ ಕರಗಿದ್ದ ಫಾಸ್ಫೇಟ್ ಸಣ್ಣ ಹರಳಾಗಿ ಬೇರೆಯಾಗಿ ಬಿಳಿ ಮಬ್ಬು ಕಾಣಿಸುತ್ತದೆ. ಆರೋಗ್ಯವಾಗಿರುವವರಿಗೂ ಆಗುತ್ತದೆ, ಹೆಂಗಸರಿಗೂ ಆಗುತ್ತದೆ. ಗ್ಲಾಸನ್ನು ಹತ್ತು ನಿಮಿಷ ಸುಮ್ನೆ ಇಟ್ಟರೆ ಇನ್ನೂ ದಟ್ಟವಾಗಿ ಕೆಳಗೆ ಕೂರುತ್ತದೆ. ನಿಮ್ಮನ್ನು ಎಷ್ಟು ಹೊತ್ತಿಗೆ ಬರಹೇಳಿದ್ದರು, ನೆನಪು ಮಾಡಿಕೊಳ್ಳಿ. ಮಧ್ಯಾಹ್ನ ಊಟ ಆದ ಮೇಲೆ ಆಗಿದ್ದರೆ ನನಗೆ ಆಶ್ಚರ್ಯ ಇಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಮೂತ್ರ ಮಬ್ಬಾಗಿ ಬಂದ ದಿನ ಒಂದು ಪಾರದರ್ಶಕ ಗ್ಲಾಸಿನಲ್ಲಿ ಸ್ವಲ್ಪ ಹಿಡಿಯಿರಿ. ಅದಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಒಂದೆರಡು ಚಮಚ ಹಾಕಿ ಅಲುಗಾಡಿಸಿ. (ಪಂದಿಕರಿಗೆ ಹಾಕುವ ಕಾಚಂಪುಳಿ ಬೇಡ. ಹುಳಿ ಏನೋ ಅದರಲ್ಲೂ ಇದೆ, ಆದರೆ ಅಷ್ಟು ಕಪ್ಪಿನಲ್ಲಿ ಏನೂ ಕಾಣಿಸುವುದಿಲ್ಲ.) ಮಬ್ಬು ಕರಗಿ ತಿಳಿಯಾದರೆ ಅದು ಫಾಸ್ಫೇಟ್. ಕರಗದೆ ಉಳಿದರೆ, ಅಥವಾ ಮೂತ್ರಕ್ಕೆ ಹೋಗುವಾಗ ಉರಿ, ಜ್ವರ ಇದ್ದರೆ ಸೋಂಕು ಇರಬಹುದು. ಲ್ಯಾಬಿನಲ್ಲಿ ಒಂದು ಯೂರಿನ್ ರೊಟೀನ್ ಮಾಡಿಸಿದರೆ ಕೀವು ಕಣ, ಪ್ರೋಟೀನ್, ಸಕ್ಕರೆ ಎಲ್ಲ ತಿಳಿಯುತ್ತದೆ. ಲಾಡ್ಜಿನಲ್ಲಿ ಕೂತವರ ಹತ್ತಿರ ಮೈಕ್ರೋಸ್ಕೋಪ್ ಇತ್ತಾ? ಇರಲಿಲ್ಲ ಅಲ್ವಾ? ಹಾಗಾದರೆ ಆ ಬಿಳಿ ಬಣ್ಣ ವೀರ್ಯವೋ ಲವಣವೋ ಅಂತ ಹೇಳುವುದಕ್ಕೆ ಅವರಿಗೆ ಯಾವ ದಾರಿಯೂ ಇರಲಿಲ್ಲ.

ಇನ್ನು ನಿಜವಾಗಿ ವೀರ್ಯವೇ ಹೋಯಿತು ಅಂತ ಇಟ್ಟುಕೊಳ್ಳೋಣ. ಮಲವಿಸರ್ಜನೆಗೆ ತಿಣುಕಿದಾಗ ಒಂದೆರಡು ಹನಿ ಅಂಟು ದ್ರವ ಬರುವುದುಂಟು. ನಿದ್ದೆಯಲ್ಲಿ ಹೋಗುವುದೂ ಉಂಟು. ಅದರಿಂದ ಶಕ್ತಿ ಸೋರುವುದಿಲ್ಲ. ಒಂದು ಸಲಕ್ಕೆ ಬರುವುದು ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ದ್ರವ. ಅದರ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ನೀರು, ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೋಟೀನ್. ದೇಹ ಅದನ್ನು ದಿನವೂ ತಯಾರಿಸುತ್ತಲೇ ಇರುತ್ತದೆ. ಇಷ್ಟು ಹನಿ ರಕ್ತದಿಂದ ಒಂದು ಹನಿ ವೀರ್ಯ ಅನ್ನುವ ಲೆಕ್ಕ ಯಾವ ಲ್ಯಾಬಿನಲ್ಲೂ ಕಂಡದ್ದಲ್ಲ. ಆದರೆ ಧಾತು ಹೋಗುತ್ತಿದೆ ಅನ್ನುವ ಭಯ ಮಾತ್ರ ನಿಜ. ಆ ಭಯದಿಂದಲೇ ಸುಸ್ತು, ನಿದ್ದೆಗೇಡು, ಹೆಂಡತಿ ಹತ್ತಿರ ಹೋಗಲು ಹಿಂಜರಿಕೆ ಬರುವುದನ್ನು ನಮ್ಮ ದೇಶದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಅಂತ ಗುರುತಿಸಿದ್ದರು. ನಿಮ್ಮ ಕೈಗೆ ಆ ಗ್ಲಾಸು ಕೊಟ್ಟವರು ಕಾಯಿಲೆ ಹುಡುಕಲಿಲ್ಲ. ಇಲ್ಲದ ಒಂದನ್ನು ಕೊಟ್ಟು ಕಳಿಸಿದರು.

ಈಗ ನಿಜವಾದ ತೊಂದರೆ. ಗಡುಸುತನ ಅನ್ನುವುದು ಮುಖ್ಯವಾಗಿ ರಕ್ತದ ಕೆಲಸ. ಮನಸ್ಸಿನಿಂದ ಸೂಚನೆ ಹೊರಡುತ್ತದೆ, ನರದ ಮೂಲಕ ಕೆಳಗೆ ಬರುತ್ತದೆ, ರಕ್ತನಾಳ ಹಿಗ್ಗುತ್ತದೆ, ರಕ್ತ ತುಂಬಿ ಅಲ್ಲೇ ನಿಲ್ಲುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಹೊರಗೆ ಕಾಣುವುದು ಒಂದೇ. ನೀವು ತೋಟದವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದರೆ ಗೊಬ್ಬರ ಸಾಲದ್ದಿರಬಹುದು, ಬೇರು ಕೊಳೆತಿರಬಹುದು, ಬಿಳಿ ಕಾಂಡಕೊರಕ ಒಳಗೆ ಕೂತಿರಬಹುದು. ಗಿಡವನ್ನು ನೋಡದೆ ರಸ್ತೆಯಲ್ಲೇ ನಿಂತು ‘ಹಳದಿ ಎಲೆಗೆ ಗ್ಯಾರಂಟಿ ಔಷಧಿ’ ಅನ್ನುವವನಿಗೆ ನೀವು ಹಣ ಕೊಡುತ್ತೀರಾ?

ನಡು ವಯಸ್ಸಿನವರಲ್ಲಿ ನಾನು ಮೊದಲು ಅನುಮಾನ ಪಡುವುದು ಶುಗರ್. ಅದು ನರವನ್ನೂ ಕೆಡಿಸುತ್ತದೆ, ರಕ್ತನಾಳವನ್ನೂ ಕೆಡಿಸುತ್ತದೆ. ಆಮೇಲೆ ಬಿಪಿ, ಬೀಡಿ ಸಿಗರೇಟು, ಕುಡಿತ. ಬಿಪಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಥೈರಾಯ್ಡ್, ಟೆಸ್ಟೋಸ್ಟಿರಾನ್ ಕಡಿಮೆ ಇರುವುದು ಇವೆಲ್ಲ ಇವೆ, ಆದರೆ ಜಾಹೀರಾತು ಹೇಳುವಷ್ಟು ಸಾಮಾನ್ಯ ಅಲ್ಲ. ಮತ್ತೆ ಚಿಂತೆ. ಸಾಲ, ಮನೆಯಲ್ಲಿ ಜಗಳ, ಒಂದು ಸಲ ಆಗಲಿಲ್ಲ ಅನ್ನುವುದೇ ಮನಸ್ಸಿನಲ್ಲಿ ಕೂತು ಮುಂದಿನ ಸಲವನ್ನು ಕೆಡಿಸುವುದು.

ಇನ್ನೊಂದು ಕಾರಣಕ್ಕೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಲ್ಲಿಗೆ ರಕ್ತ ಒಯ್ಯುವ ನಾಳ ಒಂದೆರಡು ಮಿಲಿಮೀಟರ್ ಅಗಲದ್ದು. ಹೃದಯದ ನಾಳ ಮೂರು ನಾಲ್ಕು ಮಿಲಿಮೀಟರ್. ಒಳಗೆ ಕೊಬ್ಬು ಕೂರಲು ಶುರುವಾದರೆ ಸಣ್ಣ ನಾಳ ಮೊದಲು ತೊಂದರೆ ಕೊಡುತ್ತದೆ. ಎಷ್ಟೋ ಜನರಲ್ಲಿ ಗಡುಸುತನ ಕಡಿಮೆಯಾದ ಎರಡರಿಂದ ಐದು ವರ್ಷದಲ್ಲಿ ಹೃದಯದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಅಣ್ಣನಿಗೆ ಆಗಲೇ ಹಾರ್ಟ್ ತೊಂದರೆ ಇದೆ ಅಂದಿರಿ. ಅಂದರೆ ನಿಮ್ಮ ಮನೆತನದಲ್ಲೇ ಅದು ಇರಬಹುದು. ಮೂರು ತಿಂಗಳು ಪುಡಿ ತಿನ್ನುತ್ತಾ ಕೂತರೆ ಆ ಮೂರು ತಿಂಗಳು ಯಾರೂ ನಿಮ್ಮ ಬಿಪಿ ನೋಡಿರುವುದಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಒಬ್ಬರ ವಿಷಯ ಹೇಳುತ್ತೇನೆ. ಸುಂಟಿಕೊಪ್ಪ ಕಡೆಯ ಎಸ್ಟೇಟಿನಲ್ಲಿ ರೈಟರ್, ವಯಸ್ಸು 46. ಇದೇ ತರಹದ ಪೋಸ್ಟರ್ ನೋಡಿ ಎರಡು ಕೋರ್ಸ್ ಮುಗಿಸಿ ಬಂದಿದ್ದರು. ಅವರು ನನ್ನ ಹತ್ತಿರ ಬಂದದ್ದು ಅದಕ್ಕಲ್ಲ, ಕಾಲಿನ ಬೆರಳಿನ ಗಾಯ ಮಾಯುತ್ತಿಲ್ಲ ಅಂತ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಅಂತ ಕೇಳಿದೆ. ಮೂರು ನಾಲ್ಕು ಸಲ ಅಂದರು. ಖಾಲಿ ಹೊಟ್ಟೆಯ ಶುಗರ್ 214 ಇತ್ತು. 126 ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತೇವೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 10.1 ಇತ್ತು, ಅದು 6.5ಕ್ಕೆ ಬಂದರೇ ಸಕ್ಕರೆ ಕಾಯಿಲೆ. ಬಿಪಿ 158/96. ಲಾಡ್ಜಿನವರು ಇವರ ಮೂತ್ರವನ್ನೂ ಗ್ಲಾಸಿನಲ್ಲಿ ಹಿಡಿಸಿ ನೋಡಿದ್ದರು. ಅದೇ ಮೂತ್ರದಲ್ಲಿ ಸಕ್ಕರೆ ಇತ್ತು. ಕೆಲವೇ ರೂಪಾಯಿಯ ಒಂದು ಪಟ್ಟಿ ಅದ್ದಿದ್ದರೆ ಬಣ್ಣ ಬದಲಾಗಿ ತಿಳಿಯುತ್ತಿತ್ತು.

ಆಮೇಲೆ ಏನಾಯಿತು ಅನ್ನುವುದನ್ನೂ ಪೂರ್ತಿ ಹೇಳಬೇಕು. ಶುಗರ್, ಬಿಪಿಗೆ ಮಾತ್ರೆ ಶುರುವಾಯಿತು. ಬೀಡಿ ಬಿಟ್ಟರು, ಸಂಜೆಯ ಪೆಗ್ ಕಡಿಮೆ ಮಾಡಿದರು. ಶುಗರ್ ಹತೋಟಿಗೆ ಬರಲು ಮೂರು ತಿಂಗಳ ಮೇಲೆ ಹಿಡಿಯಿತು. ಇಸಿಜಿ, ಹೃದಯದ ಪರೀಕ್ಷೆ ಸರಿ ಇದ್ದದ್ದರಿಂದ, ನೈಟ್ರೇಟ್ ತೆಗೆದುಕೊಳ್ಳದೆ ಇದ್ದದ್ದರಿಂದ, ಬೇಕಾದಾಗ ಮಾತ್ರ ತೆಗೆದುಕೊಳ್ಳಲು ಸಿಲ್ಡೆನಾಫಿಲ್ ಬರೆದುಕೊಟ್ಟೆ. ಆರು ತಿಂಗಳ ಹೊತ್ತಿಗೆ ಸಂಸಾರ ಹೆಚ್ಚುಕಡಿಮೆ ಸರಿಹೋಗಿತ್ತು. ಆದರೆ ಮಾತ್ರೆ ಇಲ್ಲದೆ ಮೊದಲಿನಂತೆ ಆಗಲಿಲ್ಲ. ವರ್ಷಗಟ್ಟಲೆ ಶುಗರ್‌ನಿಂದ ಹಾಳಾದ ನರ ಪೂರ್ತಿ ವಾಪಸ್ಸು ಬರುವುದು ಕಷ್ಟ. ಅದನ್ನು ಅವರಿಗೆ ಮೊದಲ ದಿನವೇ ಹೇಳಿದ್ದೆ. ಹೀಗೆ ಹೇಳುವ ಡಾಕ್ಟರಿಗಿಂತ ಗ್ಯಾರಂಟಿ ಕೊಡುವವರ ಮಾತು ಕಿವಿಗೆ ಹಿತವಾಗಿರುತ್ತದೆ, ಅದು ನನಗೆ ಗೊತ್ತು.

ನಿಮ್ಮದು ಹೀಗೇ ಅಂತ ನಾನು ಹೇಳುತ್ತಿಲ್ಲ. ನೀವು ಬರೆದ ಒಂದು ಸಾಲು ನನಗೆ ಸಮಾಧಾನ ಕೊಟ್ಟಿತು. ಬೆಳಗ್ಗೆ ಕೆಲವು ದಿನ ಸರಿಯಾಗಿಯೇ ಇರುತ್ತದೆ ಅಂದಿರಿ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ರಾತ್ರಿಗೆ ಮೂರರಿಂದ ಐದು ಸಲ ತಾನಾಗಿ ಗಡುಸಾಗುತ್ತದೆ, ಬೆಳಗಿನದ್ದು ಅದರ ಕೊನೆಯದು. ಅದು ಉಳಿದಿದೆ ಅಂದರೆ ನರ, ನಾಳ ಎರಡೂ ಬಹಳ ಮಟ್ಟಿಗೆ ಕೆಲಸ ಮಾಡುತ್ತಿವೆ. ಹೆಂಡತಿ ಜೊತೆ ಇರುವಾಗ ಮಾತ್ರ ಕೈಕೊಡುತ್ತದೆ ಅಂದರೆ ಚಿಂತೆಯ ಪಾಲು ಜಾಸ್ತಿ ಇರಬಹುದು. ಆದರೂ ಸುಸ್ತು ಇದೆಯಲ್ಲ, ಅದಕ್ಕಾಗಿ ಪರೀಕ್ಷೆ ಬಿಡುವ ಹಾಗಿಲ್ಲ. ಬಿಪಿ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರ. ಆಸೆಯೇ ಕುಗ್ಗಿದೆ ಅಂತಾದರೆ ಟೆಸ್ಟೋಸ್ಟಿರಾನ್ ಕೂಡ, ಅದಕ್ಕೆ ರಕ್ತ ಬೆಳಗ್ಗೆ ಹತ್ತರೊಳಗೆ ಕೊಡಬೇಕು, ಮಧ್ಯಾಹ್ನದ ಮೇಲೆ ಅದು ತಾನಾಗಿ ಇಳಿದಿರುತ್ತದೆ. ಖಾಸಗಿ ಲ್ಯಾಬಿನಲ್ಲಿ ಮಾಡಿಸಿದರೂ ಇದೆಲ್ಲ ಸೇರಿ ನೀವು ಕೊಟ್ಟ ಮುಂಗಡದಷ್ಟು ಆಗುವುದಿಲ್ಲ.

ನೀವು ಆಸ್ಪತ್ರೆ ಬಿಟ್ಟು ಲಾಡ್ಜಿಗೆ ಯಾಕೆ ಹೋದಿರಿ ಅಂತ ನಾನು ಕೇಳುವುದಿಲ್ಲ. ಕೊಡಗಿನಲ್ಲಿ ಯಾವ ಆಸ್ಪತ್ರೆಯ ಸಾಲಿನಲ್ಲಿ ನಿಂತರೂ ಒಬ್ಬ ನೆಂಟನೋ, ಪಕ್ಕದ ತೋಟದವನೋ ಸಿಕ್ಕೇ ಸಿಗುತ್ತಾನೆ. ‘ಏನು ಬಂದದ್ದು?’ ಅಂತ ಕೇಳದೆ ಬಿಡುವುದಿಲ್ಲ. ಆ ಸಂಕೋಚವೇ ಇವರ ಬಂಡವಾಳ. ಅದಕ್ಕೆ ಒಂದು ಸುಲಭದ ದಾರಿ ಇದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೈಯಲ್ಲಿದೆ. ಅಲ್ಲಿ ಚೀಟಿ ಮಾಡಿಸುವಾಗ ‘ಸುಸ್ತು, ಶುಗರ್ ನೋಡಿಸಬೇಕು’ ಅಂದರೆ ಸಾಕು, ಮೆಡಿಸಿನ್ ವಿಭಾಗಕ್ಕೆ ಕಳಿಸುತ್ತಾರೆ. ಉಳಿದದ್ದನ್ನು ಒಳಗೆ ಡಾಕ್ಟರ ಹತ್ತಿರ ಮಾತ್ರ ಹೇಳಿ. ನೆಂಟ ಸಿಕ್ಕರೆ ಅವನಿಗೂ ಅದೇ ಉತ್ತರ. ಸುಳ್ಳೂ ಅಲ್ಲ. ಚಿಂತೆಯೇ ಕಾರಣ ಅಂತ ತಿಳಿದರೆ ಮನೋವೈದ್ಯರೂ ಅಲ್ಲೇ ಇದ್ದಾರೆ. ಮುಖ ತೋರಿಸದೆ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಎಂಟು ದಿನಕ್ಕೇ ಪರವಾಗಿಲ್ಲ ಅನಿಸಿತು ಅಂದಿರಿ. ನಾನು ಅದನ್ನು ಸುಳ್ಳು ಅನ್ನುವುದಿಲ್ಲ. ಅದಕ್ಕೆ ಎರಡು ಕಾರಣ ಇರಬಹುದು.

ಮೊದಲನೆಯದು ನಂಬಿಕೆ. 1998ರಲ್ಲಿ ಸಿಲ್ಡೆನಾಫಿಲ್ ಬಗ್ಗೆ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಏನೂ ಇಲ್ಲದ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿರಲಿಲ್ಲ. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ನೂರು ಪ್ರಯತ್ನಕ್ಕೆ 69 ಯಶಸ್ವಿಯಾದವು. ಖಾಲಿ ಮಾತ್ರೆಯವರಲ್ಲೂ ನೂರಕ್ಕೆ 22! ಇದನ್ನು ಸ್ವಲ್ಪ ಯೋಚನೆ ಮಾಡಿ. ಒಬ್ಬ ಮೋಸಗಾರ ಗೋಧಿ ಹಿಟ್ಟು ತುಂಬಿದ ಕ್ಯಾಪ್ಸೂಲ್ ಕೊಟ್ಟರೂ ಒಂದಷ್ಟು ಜನ ‘ನನಗೆ ಒಳ್ಳೆಯದಾಯಿತು’ ಅಂತ ಪ್ರಾಮಾಣಿಕವಾಗಿ ಹೇಳುತ್ತಾರೆ. ಅವರ ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಟ್ಟರೆ ಮುಗಿಯಿತು. ಆಗದೆ ಹೋದವರು ಯಾರೂ ವಿಡಿಯೊ ಮಾಡುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ. ಹಾಗಾಗಿ ‘ಇಂಥವರಿಗೆ ಗುಣ ಆಗಿದೆ’ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಎಷ್ಟು ಜನರಿಗೆ ಕೊಟ್ಟು ಎಷ್ಟು ಜನರಿಗೆ ಆಯಿತು, ಕೊಡದೆ ಇದ್ದವರಲ್ಲಿ ಎಷ್ಟು ಜನರಿಗೆ ತಾನಾಗಿ ಸರಿಹೋಯಿತು ಅನ್ನುವುದು ಬೇಕು. ಅದನ್ನು ಯಾವ ಪೋಸ್ಟರೂ ಹೇಳುವುದಿಲ್ಲ.

ಎರಡನೆಯದು ಕಲಬೆರಕೆ. ಬೇರು ಸೊಪ್ಪಿನ ಔಷಧಿ ಅರ್ಧ ಒಂದು ಗಂಟೆಯಲ್ಲಿ ಕೆಲಸ ತೋರಿಸಿ ಕೆಲವು ಗಂಟೆಗೆ ಇಳಿಯಿತು ಅಂದರೆ ಅನುಮಾನ ಪಡಿ. ಜೊತೆಗೆ ಮುಖ ಬಿಸಿಯಾಗಿ ಕೆಂಪಾಗುವುದು, ತಲೆನೋವು, ಮೂಗು ಕಟ್ಟುವುದು, ಎದೆಯುರಿ, ಕಣ್ಣಿಗೆ ಎಲ್ಲ ಸ್ವಲ್ಪ ನೀಲಿಯಾಗಿ ಕಾಣುವುದು ಇದ್ದರೆ ಅದು ಹೆಚ್ಚುಕಡಿಮೆ ಸಿಲ್ಡೆನಾಫಿಲ್‌ನ ಸಹಿ. ಇನ್ನು ಕೆಲವರು ಸ್ಟೀರಾಯ್ಡ್ ಬೆರೆಸುತ್ತಾರೆ. ಹಸಿವು ಜಾಸ್ತಿಯಾಗುತ್ತದೆ, ಮೈಗೆ ಹುರುಪು ಬಂದ ಹಾಗೆ ಆಗುತ್ತದೆ, ವಾರಗಳು ಕಳೆದಂತೆ ಮುಖ ಊದುತ್ತದೆ, ಶುಗರ್ ಏರುತ್ತದೆ. ನೀವು ಎಂಟು ದಿನ ಮಾತ್ರ ತೆಗೆದುಕೊಂಡದ್ದರಿಂದ ನಿಲ್ಲಿಸಲು ಹೆದರಬೇಕಾಗಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡವರು ಮಾತ್ರ ಹಠಾತ್ತನೆ ಬಿಡಬಾರದು, ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಬೇಕು. ಭಸ್ಮದ ಹೆಸರಿನಲ್ಲಿ ಸರಿಯಾಗಿ ಶುದ್ಧಿ ಮಾಡದ ಪುಡಿಗಳಲ್ಲಿ ಸೀಸ, ಪಾದರಸ ಇರುವುದೂ ಉಂಟು. ಹೊಟ್ಟೆ ಹಿಂಡಿದ ಹಾಗೆ ನೋವು, ರಕ್ತ ಕಡಿಮೆಯಾಗುವುದು, ಕೈಕಾಲು ಜೋಮು ಕಂಡರೆ ಅದನ್ನು ಡಾಕ್ಟರಿಗೆ ಹೇಳಿ.

ಇದನ್ನು ಓದಿ ನಾನು ಆಯುರ್ವೇದಕ್ಕೆ ವಿರೋಧ ಅಂದುಕೊಳ್ಳಬೇಡಿ. ಬಿಎಎಂಎಸ್ ಓದಿ, ಕರ್ನಾಟಕದ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತಿರುವ ವೈದ್ಯರು ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ಅವರು ಕೊಡುವ ತಯಾರಾದ ಔಷಧಿಯ ಡಬ್ಬಿಯ ಮೇಲೆ ಏನೇನು ಹಾಕಿದೆ, ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ, ಕಂಪನಿಯ ವಿಳಾಸ ಇರುತ್ತದೆ, ಇರಲೇಬೇಕು. ನೋಂದಾಯಿತ ವೈದ್ಯರು ತಮ್ಮ ರೋಗಿಗೆ ತಾವೇ ತಯಾರಿಸಿಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಹಾಗೆ ಕೊಟ್ಟರೂ ಏನು ಕೊಟ್ಟೆ ಅಂತ ಕೇಳಿದರೆ ಚೀಟಿಯಲ್ಲಿ ಬರೆದು ಸಹಿ ಹಾಕುತ್ತಾರೆ. ನಿಮ್ಮ ಪೊಟ್ಟಣ ನೋಡಿ. ನ್ಯೂಸ್ ಪೇಪರಿನಲ್ಲಿ ಕಟ್ಟಿದ ಪುಡಿ, ಹೆಸರಿಲ್ಲದ ಕ್ಯಾಪ್ಸೂಲ್ ಆದರೆ ಅದನ್ನು ಯಾವ ಪದ್ಧತಿಯ ಔಷಧಿ ಅಂತಲೂ ಕರೆಯಲು ಆಗುವುದಿಲ್ಲ.

ಪೋಸ್ಟರಿಗೆ ಬರೋಣ. 1954ರಿಂದಲೂ ನಮ್ಮಲ್ಲಿ ಒಂದು ಕಾನೂನು ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತದೆ, ನಪುಂಸಕತ್ವ ಗುಣಪಡಿಸುತ್ತದೆ ಅಂತ ಔಷಧಿಯ ಜಾಹೀರಾತು ಕೊಡುವುದೇ ಅದರ ಪ್ರಕಾರ ಅಪರಾಧ. ಔಷಧಿ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ನೋಂದಾಯಿತ ವೈದ್ಯರು ತಮ್ಮ ಕ್ಲಿನಿಕ್ ಮುಂದೆ ‘ಇಂಥ ತೊಂದರೆಗೆ ಚಿಕಿತ್ಸೆ ಇದೆ’ ಅಂತ ಬೋರ್ಡ್ ಹಾಕಬಹುದು, ಅಷ್ಟಕ್ಕೆ ವಿನಾಯಿತಿ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಗ್ಯಾರಂಟಿ ಅಂತ ಅಂಟಿಸುವುದಕ್ಕೆ ಇಲ್ಲ. ಇದು ಗೊತ್ತಿದ್ದೇ ಕೆಲವರು ಔಷಧಿಯ ಹೆಸರು ಹಾಕದೆ ಬರೀ ‘ಪರಿಹಾರ’ ಅಂತ ಬರೆದು ನುಣುಚಿಕೊಳ್ಳಲು ನೋಡುತ್ತಾರೆ. ಅಲೋಪತಿ ಡಾಕ್ಟರುಗಳಿಗೆ 2002ರ ವೃತ್ತಿ ನಿಯಮ ಬೇರೆ ಇದೆ. ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವುದು, ಏನು ಹಾಕಿದೆ ಅಂತ ಹೇಳದ ಗುಟ್ಟಿನ ಔಷಧಿ ಕೊಡುವುದು ಎರಡೂ ತಪ್ಪು. ಹಾಗಾಗಿ ಪೋಸ್ಟರ್ ದೊಡ್ಡದಾದಷ್ಟೂ ಅದರ ಹಿಂದೆ ನಿಜವಾದ ಡಾಕ್ಟರು ಇರುವ ಸಾಧ್ಯತೆ ಕಡಿಮೆ ಅನ್ನುವುದು ನನ್ನ ಲೆಕ್ಕ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಬೇಕು, ಆಯುರ್ವೇದಕ್ಕೂ ಬೇಕು. ಅದರ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು. ತಿಂಗಳಿಗೊಂದು ಸಲ ಬಂದು ಲಾಡ್ಜ್ ರೂಮಿನಲ್ಲಿ ಕೂರುವವರ ಹತ್ತಿರ ಅದು ಇರುವುದಿಲ್ಲ. ಇನ್ನು ಮುಂದೆ ಯಾರೇ ಆಗಲಿ ಮುಂಗಡ ಕೇಳಿದರೆ ಮೂರು ಕೇಳಿ: ನಿಮ್ಮ ನೋಂದಣಿ ನಂಬರ್ ಎಷ್ಟು, ನನಗೆ ಇರುವ ಕಾಯಿಲೆಯ ಹೆಸರು ಮತ್ತು ಔಷಧಿಯ ಹೆಸರು ಚೀಟಿಯಲ್ಲಿ ಬರೆದುಕೊಡುತ್ತೀರಾ, ಗುಣ ಆಗದಿದ್ದರೆ ಹಣ ವಾಪಸ್ ಅಂತ ರಸೀದಿಯಲ್ಲಿ ಬರೆಯುತ್ತೀರಾ. ಮೂರನೆಯದಕ್ಕೆ ಒಳ್ಳೆಯ ಡಾಕ್ಟರು ಕೂಡ ‘ಇಲ್ಲ’ ಅನ್ನುತ್ತಾರೆ, ಯಾಕೆಂದರೆ ಅವರು ಗ್ಯಾರಂಟಿಯನ್ನೇ ಕೊಟ್ಟಿರುವುದಿಲ್ಲ. ಗ್ಯಾರಂಟಿ ಅಂತ ಪೋಸ್ಟರ್ ಹಾಕಿ ರಸೀದಿಯಲ್ಲಿ ಬರೆಯಲು ಒಪ್ಪದವರು ಯಾರು ಅಂತ ನೀವೇ ನೋಡಿ.

ಕೊನೆಗೆ ನಿಮ್ಮ ಎಂಟು ಸಾವಿರ. ಯುಪಿಐನಲ್ಲಿ ಕಳಿಸಿದ್ದರೆ ಯಾರ ಹೆಸರಿಗೆ ಹೋಗಿದೆ ಅನ್ನುವುದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪೋಸ್ಟರಿನ ಫೋಟೊ, ಉಳಿದ ಕ್ಯಾಪ್ಸೂಲ್, ಪುಡಿ, ಅವರ ಫೋನ್ ನಂಬರ್ ಎಲ್ಲ ಒಂದು ಕವರಿನಲ್ಲಿ ಇರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಲ್ಲಿ ಆಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ಹಣ ಕೊಟ್ಟು ಎರಡು ವರ್ಷದೊಳಗೆ ಹೋಗಬೇಕು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಪೋಸ್ಟರ್ ಮತ್ತು ಕ್ಯಾಪ್ಸೂಲ್ ಬಗ್ಗೆ ಔಷಧ ನಿಯಂತ್ರಣ ಅಧಿಕಾರಿಗೆ, ಲಾಡ್ಜಿನ ಕ್ಲಿನಿಕ್ ಬಗ್ಗೆ ಜಿಲ್ಲಾ ಆರೋಗ್ಯ ಅಧಿಕಾರಿಗೆ ಬರೆಯಬಹುದು. ಹಣ ವಾಪಸ್ ಬಂದೇ ಬರುತ್ತದೆ ಅಂತ ನಾನು ಹೇಳಲಾರೆ. ಸುಳ್ಳು ಹೆಸರಿನಲ್ಲಿ ರೂಮ್ ಮಾಡಿದವರನ್ನು ಹುಡುಕುವುದೇ ಕಷ್ಟ.

ಒಂದು ವಿಷಯಕ್ಕೆ ತಯಾರಾಗಿರಿ. ನೀವು ಉಳಿದದ್ದು ಕಟ್ಟುವುದಿಲ್ಲ ಅಂದ ಕೂಡಲೇ ಫೋನ್ ಬರಬಹುದು. ‘ಕೋರ್ಸ್ ನಡುವೆ ಬಿಟ್ಟರೆ ನರ ಪೂರ್ತಿ ಸತ್ತುಹೋಗುತ್ತದೆ’ ಅನ್ನುತ್ತಾರೆ. ಅದು ಸುಳ್ಳು. ‘ಔಷಧಿ ಮನೆಗೆ ಪಾರ್ಸೆಲ್ ಹಾಕುತ್ತೇವೆ, ಹೆಂಡತಿಗೆ ಹೇಳುತ್ತೇವೆ’ ಅಂತ ಹೆದರಿಸುವವರೂ ಇದ್ದಾರೆ. ಹಾಗೆ ಹೆದರಿಸಿ ಹಣ ಕೇಳುವುದು ಸುಲಿಗೆ. ಕಾಲ್ ರೆಕಾರ್ಡ್, ಮೆಸೇಜು ಅಳಿಸದೆ ಸ್ಟೇಷನ್‌ಗೆ ಕೊಡಿ. ಅದಕ್ಕಿಂತ ಮೊದಲು ಹೆಂಡತಿಗೆ ನೀವೇ ಹೇಳಿಬಿಡಿ. ಆರೇಳು ತಿಂಗಳಿಂದ ಏನೋ ಸರಿ ಇಲ್ಲ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ರಕ್ತ ಪರೀಕ್ಷೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಅವರ ಹಿಮೋಗ್ಲೋಬಿನ್ನೂ ಥೈರಾಯ್ಡೂ ನೋಡಿಸಿದ ಹಾಗಾಗುತ್ತದೆ.